ವೆನ್ ಚಿತ್ರದ ಗೀಟುಗಳನ್ನು ತಿದ್ದುವಾಗ

(ಗಣಿತ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹನ್ನೊಂದನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಭ್ಯಾಸ ಹಾಳೆಯನ್ನು ಇವತ್ತು ಜೊತೆಯಲ್ಲಿ ತಂದಿದ್ದೇನೆ. ಆ ತರಗತಿಯ ಗಣಿತ ಪುಸ್ತಕ ಆರಂಭವಾಗುವುದೇ ಗಣಗಳ ಅಧ್ಯಾಯದಿಂದ ಎಂಬುದು ನಿಮಗೆಲ್ಲ ಗೊತ್ತಿದೆ. ಅಧ್ಯಾಯ ಮುಗಿದ ವಾರ ಕೊಟ್ಟ ಹಾಳೆ ಇದು. ಇದರ ಮೂರನೆಯ ಪ್ರಶ್ನೆಯಲ್ಲಿ ಒಂದು ಆಯತ, ಅದರೊಳಗೆ ಒಂದನ್ನೊಂದು ಛೇದಿಸುವ A, B ಎಂಬ ಎರಡು ವೃತ್ತಗಳಿವೆ, ಕೆಳಗೆ "(A ∪ B)′ ಅನ್ನು ಛಾಯೆಗೊಳಿಸಿ" ಎಂದಿದೆ. ಹುಡುಗಿ ಬಹಳ ಅಚ್ಚುಕಟ್ಟಾಗಿ ಪೆನ್ಸಿಲಿನ ಓರೆ ಗೀಟುಗಳನ್ನು ಎಳೆದಿದ್ದಾಳೆ. ವೃತ್ತಗಳ ಹೊರಗಿನ ಜಾಗಕ್ಕೆಲ್ಲ ಗೀಟು ಬಿದ್ದಿದೆ, ಎಡಗಡೆಯ ಅರ್ಧಚಂದ್ರಕ್ಕೂ ಬಲಗಡೆಯ ಅರ್ಧಚಂದ್ರಕ್ಕೂ ಬಿದ್ದಿದೆ. ನಡುವಿನ, ಬಾದಾಮಿಯ ಆಕಾರದ ಭಾಗ ಮಾತ್ರ ಬೆಳ್ಳಗೆ ಉಳಿದಿದೆ.

ಬಹಳ ವರ್ಷ ನಾನು ಇಂಥ ಉತ್ತರವನ್ನು ತಿದ್ದುತ್ತಿದ್ದ ಕ್ರಮ ಹೀಗಿತ್ತು: ಮಾದರಿ ಉತ್ತರದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳುವುದು, ಎರಡನ್ನೂ ಹೋಲಿಸಿ ನೋಡುವುದು, ಒಂದೇ ಥರ ಕಾಣದಿದ್ದರೆ ಕೆಂಪು ಮಸಿಯಲ್ಲಿ ತಪ್ಪು ಹಾಕಿ ಸೊನ್ನೆ ಬರೆಯುವುದು. ಅಂಕದ ಮಟ್ಟಿಗೆ ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಹಾಗೆ ತಿದ್ದಿದ ಹಾಳೆಯಲ್ಲಿ ಹುಡುಗಿ ಏನು ಯೋಚಿಸಿದಳು ಎನ್ನುವುದಕ್ಕೆ ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ. ಈ ಚಿತ್ರ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ, ನಿಜ. ಆದರೆ A′ ∪ B′ ಎಂಬ ಇನ್ನೊಂದು ಪ್ರಶ್ನೆಗೆ ಇದು ನೂರಕ್ಕೆ ನೂರು ಸರಿಯಾದ ಉತ್ತರ. ತಿದ್ದುವವರು ಹಿಡಿಯಬೇಕಾದ ಎಳೆ ಇದು. ಚಿತ್ರವನ್ನು ಚಿತ್ರದೊಂದಿಗೆ ಹೋಲಿಸುವ ಬದಲು ಚಿತ್ರವನ್ನು ಓದಬೇಕು, ಮಗು ಬರೆದದ್ದು ಯಾವ ಪ್ರಶ್ನೆಗೆ ಸರಿಯುತ್ತರ ಎಂದು ಹುಡುಕಬೇಕು. ಅದನ್ನು ಹೇಗೆ ಮಾಡಬಹುದು, ಅದರಿಂದ ಏನು ತಿಳಿಯುತ್ತದೆ, ಎಲ್ಲಿ ಅದು ನಮ್ಮ ಕೈಬಿಡುತ್ತದೆ ಎನ್ನುವುದಷ್ಟೇ ನನ್ನ ಮಾತಿನ ವಿಷಯ.

ಓದುವುದಕ್ಕೆ ಬೇಕಾದದ್ದು ವಲಯಗಳಿಗೆ ಸಂಖ್ಯೆ ಕೊಡುವುದು. ಎರಡು ಗಣಗಳ ಚಿತ್ರದಲ್ಲಿ ನಾಲ್ಕೇ ವಲಯಗಳಿರುತ್ತವೆ. A ಯಲ್ಲಿ ಮಾತ್ರ ಇರುವುದಕ್ಕೆ 1, ಎರಡರಲ್ಲೂ ಇರುವ ನಡುವಿನ ಭಾಗಕ್ಕೆ 2, B ಯಲ್ಲಿ ಮಾತ್ರ ಇರುವುದಕ್ಕೆ 3, ಎರಡರ ಹೊರಗೆ ಆಯತದೊಳಗೆ ಉಳಿದದ್ದಕ್ಕೆ 4 ಎಂದು ಇಟ್ಟುಕೊಳ್ಳೋಣ. ಆಗ A ಎಂದರೆ 1, 2. B ಎಂದರೆ 2, 3. ಸಂಯೋಗ A ∪ B ಎಂದರೆ 1, 2, 3. ಛೇದನ A ∩ B ಎಂದರೆ 2 ಮಾತ್ರ. ಪೂರಕ A′ ಎಂದರೆ 3, 4. ನಮ್ಮ ಹುಡುಗಿಯ ಚಿತ್ರವನ್ನು ಹೀಗೆ ಓದಿದರೆ 1, 3, 4 ಎಂಬ ಪಟ್ಟಿ ಸಿಗುತ್ತದೆ. ಕೇಳಿದ್ದು 4 ಮಾತ್ರ. ಪ್ರತಿಯೊಂದು ವಲಯಕ್ಕೂ ಗೀಟು ಹಾಕಬಹುದು ಅಥವಾ ಬಿಡಬಹುದು, ಆದ್ದರಿಂದ ನಾಲ್ಕು ವಲಯಗಳ ಚಿತ್ರವನ್ನು ಛಾಯೆಗೊಳಿಸಲು ಇರುವ ದಾರಿಗಳು ಒಟ್ಟು 16. ಅಂದರೆ ಎರಡು ಗಣಗಳ ಪ್ರಶ್ನೆಗೆ ಇಡೀ ತರಗತಿ ಏನೇ ಉತ್ತರ ಬರೆದರೂ ಅದು ಈ 16ರಲ್ಲಿ ಒಂದಾಗಿರಲೇಬೇಕು, ಮತ್ತು ಆ 16ರಲ್ಲಿ ಪ್ರತಿಯೊಂದೂ ಯಾವುದೋ ಒಂದು ಗಣೋಕ್ತಿಗೆ ಸರಿಯುತ್ತರವೇ. ಗಣಿತದ ಬೇರೆ ಅಧ್ಯಾಯಗಳಲ್ಲಿ ತಪ್ಪು ಉತ್ತರಗಳಿಗೆ ಲೆಕ್ಕವಿಲ್ಲ. ಇಲ್ಲಿ ಎಲ್ಲ ತಪ್ಪುಗಳನ್ನೂ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಬಹುದು.

ನಾನು ಈಗ ತಿದ್ದಲು ಕೂತಾಗ ಮೊದಲ ಸುತ್ತಿನಲ್ಲಿ ಸರಿ ತಪ್ಪು ಹಾಕುವುದೇ ಇಲ್ಲ. ಪ್ರತಿ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ವಲಯಗಳ ಸಂಖ್ಯೆಯನ್ನು ಬರೆಯುತ್ತಾ ಹೋಗುತ್ತೇನೆ. ಒಂದು ಚಿತ್ರಕ್ಕೆ ಐದಾರು ಸೆಕೆಂಡು ಸಾಕು. ನಲವತ್ತು ಹಾಳೆ ಮುಗಿಯುವ ಹೊತ್ತಿಗೆ ಒಂದೇ ಪಟ್ಟಿ ಮತ್ತೆ ಮತ್ತೆ ಬಂದಿರುವುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಅಂಕ ಕೊಡುವುದು ಎರಡನೆಯ ಸುತ್ತಿನ ಕೆಲಸ.

A ∪ B ಗೆ 1, 3 ಎಂದು ಬಂದ ಉತ್ತರವನ್ನು ನೀವು ಖಂಡಿತ ನೋಡಿರುತ್ತೀರಿ. ಎರಡು ಅರ್ಧಚಂದ್ರಗಳಿಗೂ ಗೀಟು, ನಡುವೆ ಖಾಲಿ. ಸಂಯೋಗವನ್ನು ನಾವು ಪಾಠದಲ್ಲಿ "A ಯಲ್ಲಿ ಅಥವಾ B ಯಲ್ಲಿ ಇರುವ ಅಂಶಗಳು" ಎಂದು ಹೇಳಿಕೊಡುತ್ತೇವೆ. ಮನೆಗೆ ಬಂದವರನ್ನು ನಾವು "ಕಾಫಿ ಕುಡಿಯುತ್ತೀರೋ, ಟೀ ಕುಡಿಯುತ್ತೀರೋ" ಎಂದು ಕೇಳಿದಾಗ ಎರಡನ್ನೂ ಕೊಡಿ ಎನ್ನುವವರಿಲ್ಲ. "ಕಾಫಿ ಅಥವಾ ಟೀ" ಎಂದರೆ ಎರಡರಲ್ಲಿ ಒಂದು ಎಂದೇ ಕಿವಿಗೆ ರೂಢಿಯಾಗಿದೆ. ಆ ರೂಢಿಯ ಅರ್ಥವನ್ನು ಹಿಡಿದು ಓದಿದ ಮಗು ನಡುವಿನ ವಲಯವನ್ನು ಬಿಡುವುದೇ ಸರಿ. ಗಣಿತದ "ಅಥವಾ" ಎರಡರಲ್ಲೂ ಇರುವುದನ್ನು ಒಳಗೊಳ್ಳುತ್ತದೆ ಎಂಬ ಒಂದು ವಾಕ್ಯವನ್ನು ನಾವು ಹೇಳಿರಬಹುದು, ಆದರೆ ಗೀಟು ಎಳೆಯುವ ಹೊತ್ತಿಗೆ ಮಗುವಿನ ಕಿವಿಯಲ್ಲಿ ಉಳಿದಿರುವುದು ಮನೆಯ ಮಾತು.

ಇದಕ್ಕಿಂತ ಸೂಕ್ಷ್ಮವಾದದ್ದು A ∩ B ಗೆ 1, 2, 3 ಎಂದು ಬರುವ ಉತ್ತರ. ಮಗು ಚಿಹ್ನೆಗಳನ್ನು ಅದಲು ಬದಲು ಮಾಡಿಕೊಂಡಿದೆ ಎಂದು ನಾವು ತಕ್ಷಣ ತೀರ್ಮಾನಿಸುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಅದೇ ಹಾಳೆಯಲ್ಲಿ A ∪ B ಸರಿಯಾಗಿದ್ದರೆ ಚಿಹ್ನೆ ಅದಲು ಬದಲಾಗಿಲ್ಲ, "ಮತ್ತು" ಎಂಬ ಪದ ಕೈಕೊಟ್ಟಿದೆ. ಕನ್ನಡದಲ್ಲಿ ಇದು ಹೇಗೆ ಆಗುತ್ತದೆ ನೋಡಿ. "ಕಬಡ್ಡಿ ಆಡುವವರೂ ಖೋಖೋ ಆಡುವವರೂ ಮೈದಾನಕ್ಕೆ ಬನ್ನಿ" ಎಂದು ದೈಹಿಕ ಶಿಕ್ಷಕರು ಕೂಗಿದರೆ ಒಂದನ್ನು ಆಡುವವರೆಲ್ಲ ಬರುತ್ತಾರೆ, ಇನ್ನೊಂದನ್ನು ಆಡುವವರೆಲ್ಲ ಬರುತ್ತಾರೆ. ಮೈದಾನದಲ್ಲಿ ಸೇರಿದ್ದು ಸಂಯೋಗ ಗಣ. "ಕಬಡ್ಡಿಯನ್ನೂ ಖೋಖೋವನ್ನೂ ಆಡುವವರು ಬನ್ನಿ" ಎಂದರೆ ಎರಡೂ ಆಟ ಬಲ್ಲವರು ಮಾತ್ರ ಬರುತ್ತಾರೆ. ಅದು ಛೇದನ ಗಣ. ಎರಡು ವಾಕ್ಯದಲ್ಲೂ ಕೂಡಿಸುವ ಪ್ರತ್ಯಯ ಒಂದೇ, ಅದು ಅಂಟಿಕೊಂಡ ಜಾಗ ಮಾತ್ರ ಬೇರೆ. "A ಮತ್ತು B ಯ ಅಂಶಗಳು" ಎಂದು ನಾವು ಅವಸರದಲ್ಲಿ ಹೇಳಿದಾಗ ಅದು ಮೊದಲನೆಯ ವಾಕ್ಯದಂತೆ ಕೇಳಿಸುತ್ತದೆ, ಮಗು ಎರಡು ವೃತ್ತಗಳನ್ನೂ ತುಂಬಿಬಿಡುತ್ತದೆ. ಹಾಗಾಗಿ ಈ ಪಟ್ಟಿ ಬಂದ ಹಾಳೆಯ ಅಂಚಿನಲ್ಲಿ ನಾನು ಸೂತ್ರ ಬರೆಯುವುದಿಲ್ಲ. "A ಯಲ್ಲೂ ಇದೆ, B ಯಲ್ಲೂ ಇದೆ: ಇಂಥ ಅಂಶ ಯಾವ ವಲಯದಲ್ಲಿದೆ?" ಎಂದು ಒಂದೇ ಅಂಶದ ಬಗ್ಗೆ ಏಕವಚನದಲ್ಲಿ ಕೇಳುತ್ತೇನೆ. ಬಹುವಚನ ಹೋದ ಕೂಡಲೇ ಗೊಂದಲಕ್ಕೆ ಎಡೆ ಕಡಿಮೆಯಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಟ್ಟಿ ಒಂದೇ ಆಗಿದ್ದರೂ ಕಾರಣ ಒಂದೇ ಆಗಿರಬೇಕೆಂದಿಲ್ಲ. A ∪ B ಗೆ 1, 3 ಎಂದು ಬರೆದ ಹುಡುಗನೊಬ್ಬನನ್ನು ಕರೆದು ಕೇಳಿದಾಗ ಅವನು, "ಮೇಡಂ, ನಡುವಿನದನ್ನು A ಗೆ ಒಮ್ಮೆ, B ಗೆ ಒಮ್ಮೆ ಅಂತ ಎರಡು ಸಲ ಶೇಡ್ ಮಾಡಬೇಕಾಗುತ್ತಿತ್ತು, ಅಂಶವನ್ನು ಎರಡು ಸಲ ಬರೆಯಬಾರದು ಅಂತ ನೀವೇ ಹೇಳಿದ್ದಿರಿ, ಅದಕ್ಕೆ ಬಿಟ್ಟೆ" ಎಂದ. ಅವನಿಗೆ "ಅಥವಾ" ಸರಿಯಾಗಿಯೇ ಅರ್ಥವಾಗಿತ್ತು; ಗಣವನ್ನು ಪಟ್ಟಿ ಮಾಡುವಾಗ ಅಂಶವನ್ನು ಪುನರಾವರ್ತಿಸಬಾರದು ಎಂಬ ನಿಯಮವನ್ನು ಅವನು ಗೀಟಿಗೂ ಅನ್ವಯಿಸಿ, ಒಮ್ಮೆಯೂ ಹಾಕದೆ ಬಿಟ್ಟಿದ್ದ. ಹಾಳೆ ಹೇಳುವುದು ಪಟ್ಟಿಯನ್ನು ಮಾತ್ರ. ಕಾರಣ ತಿಳಿಯಲು ಮಗುವಿನ ಹತ್ತಿರ ಎರಡು ಮಾತು ಆಡಲೇಬೇಕು. ಪಟ್ಟಿಯಿಂದ ಆಗುವ ಲಾಭವೆಂದರೆ ಯಾರನ್ನು ಕರೆಯಬೇಕು, ಯಾವ ಪ್ರಶ್ನೆ ಕೇಳಬೇಕು ಎನ್ನುವುದು ಮೊದಲೇ ಗೊತ್ತಾಗಿರುತ್ತದೆ.

ಇನ್ನು ಪೂರಕ ಗಣ. A′ ಗೆ ಬರಬೇಕಾದದ್ದು 3, 4. ತಪ್ಪುಗಳು ಎರಡು ರೀತಿಯಲ್ಲಿ ಬರುತ್ತವೆ, ಅವುಗಳನ್ನು ಒಂದೇ ಗುಂಪಿಗೆ ಹಾಕಬಾರದು. 4 ಮಾತ್ರ ಬರೆದ ಮಗು "ಹೊರಗೆ" ಎಂದರೆ ಎಲ್ಲ ವೃತ್ತಗಳ ಹೊರಗೆ ಎಂದುಕೊಂಡಿದೆ. B ಯ ಗೆರೆ ಅದಕ್ಕೆ ಗೋಡೆಯಂತೆ ಕಂಡಿದೆ. 3 ಮಾತ್ರ ಬರೆದ ಮಗುವಿಗೆ A ಅಲ್ಲದ್ದು ಎಂದರೆ B ಎನಿಸಿದೆ, ವೃತ್ತಗಳ ಹೊರಗಿನ ಜಾಗ ಅದರ ಲೆಕ್ಕಕ್ಕೇ ಬಂದಿಲ್ಲ. ಮೊದಲನೆಯದಕ್ಕೆ ಔಷಧ ಸುಲಭ: ಬೆರಳಿನಿಂದ B ಯ ಗೆರೆಯನ್ನು ಮುಚ್ಚಿ, ಚಿತ್ರದಲ್ಲಿ A ಒಂದೇ ಇದ್ದಿದ್ದರೆ ಎಲ್ಲಿ ಗೀಟು ಹಾಕುತ್ತಿದ್ದೆ ಎಂದು ಕೇಳಿದರೆ ಸಾಕಾಗುತ್ತದೆ. ಎರಡನೆಯದರ ಬೇರು ವಿಶ್ವ ಗಣದ ಕಲ್ಪನೆಯಲ್ಲಿದೆ. ಆಯತದ ಮೂಲೆಯಲ್ಲಿ U ಎಂದು ಬರೆದಿರುವುದನ್ನು ಮಗು ಚಿತ್ರದ ಅಲಂಕಾರ ಎಂದು ತಿಳಿದಿರುತ್ತದೆ.

ಇದರಲ್ಲಿ ಮಕ್ಕಳನ್ನು ಪೂರ್ತಿ ದೂರುವಂತಿಲ್ಲ. ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ಜಾನ್ ವೆನ್ ಈ ಚಿತ್ರಗಳನ್ನು 1880ರಲ್ಲಿ ಪ್ರಕಟಿಸಿದಾಗ ಅವುಗಳ ಸುತ್ತ ಆಯತವೇ ಇರಲಿಲ್ಲ; ಹೊರಗಿನ ಜಾಗ ಹೊರಗೇ ಉಳಿದಿತ್ತು. ಅಷ್ಟೇ ಅಲ್ಲ, ವೆನ್ ಗೀಟು ಹಾಕುತ್ತಿದ್ದದ್ದು ಉತ್ತರವನ್ನು ತೋರಿಸುವುದಕ್ಕಲ್ಲ. ಯಾವ ವಲಯ ಖಾಲಿಯಿದೆ, ಯಾವುದರಲ್ಲಿ ಏನೂ ಇರಲಾರದು ಎಂದು ಹೊಡೆದು ಹಾಕುವುದಕ್ಕೆ ಅವರು ಗೀಟು ಬಳಸಿದರು. ಇವತ್ತಿಗೂ ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಗೀಟು ಬಿದ್ದ ವಲಯ ಎಂದರೆ ಶೂನ್ಯ ಗಣ. ಶಾಲೆಯ ಗಣಿತದಲ್ಲಿ ಗೀಟು ಬಿದ್ದದ್ದೇ ಬೇಕಾದ ಗಣ. ಒಂದೇ ಗುರುತಿಗೆ ಎರಡು ವಿರುದ್ಧ ಅರ್ಥಗಳು ಚಾಲ್ತಿಯಲ್ಲಿ ಇರುವುದರಿಂದ, ಹಾಳೆಯ ಮೇಲ್ಭಾಗದಲ್ಲಿ "ಕೇಳಿದ ಗಣಕ್ಕೆ ಸೇರಿದ ವಲಯಗಳಿಗೆ ಮಾತ್ರ ಗೀಟು ಹಾಕಿ" ಎಂಬ ಒಂದು ಸಾಲನ್ನು ಅಚ್ಚು ಮಾಡುವುದು ಒಳ್ಳೆಯದು. ಬೇಡವಾದದ್ದನ್ನು ಹೊಡೆದು ಹಾಕುವುದು ಮಕ್ಕಳಿಗೂ ಸಹಜವಾದ ಅಭ್ಯಾಸ. ಹಾಳೆಯ ಎಲ್ಲ ಉತ್ತರಗಳೂ ಕರಾರುವಾಕ್ಕಾಗಿ ತಿರುವುಮುರುವಾಗಿದ್ದರೆ, ಅಂದರೆ A ∪ B ಗೆ 4, A ∩ B ಗೆ 1, 3, 4 ಎಂದಿದ್ದರೆ, ಆ ಮಗುವಿಗೆ ಗಣಗಳು ಚೆನ್ನಾಗಿ ಗೊತ್ತಿವೆ, ಗೀಟಿನ ಅರ್ಥ ಮಾತ್ರ ಗೊತ್ತಿಲ್ಲ.

ಈಗ ನಮ್ಮ ಹುಡುಗಿಯ 1, 3, 4ಕ್ಕೆ ಮರಳೋಣ. ಅವಳು ಬೀಜಗಣಿತದ ಆವರಣ ಬಿಡಿಸುವ ಅಭ್ಯಾಸವನ್ನು ಇಲ್ಲಿಗೂ ತಂದಿದ್ದಾಳೆ. 2(a + b) ಅನ್ನು 2a + 2b ಎಂದು ಬರೆದ ಕೈ (A ∪ B)′ ಅನ್ನು A′ ∪ B′ ಎಂದು ಬರೆದಿದೆ. ಸರಿಯಾದ ನಿಯಮದಲ್ಲಿ ಪೂರಕದ ಚಿಹ್ನೆ ಒಳಗೆ ಹೋಗುವಾಗ ನಡುವಿನ ಸಂಯೋಗ ಛೇದನವಾಗಬೇಕು: (A ∪ B)′ = A′ ∩ B′. ಡಿ ಮಾರ್ಗನ್ ನಿಯಮ ಎಂದು ನಾವು ಕಲಿಸುವುದು ಇದನ್ನೇ. ಆ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮದುರೆಯಲ್ಲಿ ಎಂದು ಹೇಳಿದರೆ ಮಕ್ಕಳಿಗೆ ಹೆಸರು ನೆನಪಿನಲ್ಲಿ ಉಳಿಯುತ್ತದೆ. ನಿಯಮ ಉಳಿಯುತ್ತದೆ ಎಂದು ನಾನು ಹೇಳಲಾರೆ. ನಿಯಮ ಉಳಿಯಬೇಕಾದರೆ ಒಂದು ಅಂಶವನ್ನು ಕೈಹಿಡಿದು ನಡೆಸಬೇಕು.

ನಾನು ಅವಳನ್ನು ಕರೆದು ಹಾಳೆಯ ಹಿಂದೆ ಅದೇ ಚಿತ್ರವನ್ನು ಬರೆದೆ. ವಿಶ್ವ ಗಣ 1ರಿಂದ 12ರವರೆಗಿನ ಸಂಖ್ಯೆಗಳು, A ಎಂದರೆ 2ರ ಅಪವರ್ತ್ಯಗಳು, B ಎಂದರೆ 3ರ ಅಪವರ್ತ್ಯಗಳು ಎಂದೆ. ಅವಳೇ ತುಂಬಿದಳು. A ಯಲ್ಲಿ ಮಾತ್ರ ಇರುವ ಭಾಗಕ್ಕೆ 2, 4, 8, 10 ಬಂದವು, ನಡುವೆ 6, 12 ಬಂದವು, B ಯಲ್ಲಿ ಮಾತ್ರ 3, 9 ಬಂದವು, ಹೊರಗೆ 1, 5, 7, 11 ಉಳಿದವು. "ಎಂಟು A ಯಲ್ಲಿದೆಯಾ?" ಎಂದೆ. "ಇದೆ ಮೇಡಂ." "ಹಾಗಾದರೆ A ∪ B ಯಲ್ಲಿ?" "ಇದೆ." "A ∪ B ಯಲ್ಲಿ ಇರುವುದು (A ∪ B)′ ನಲ್ಲಿ ಇರಬಹುದಾ?" ಅವಳು ಉತ್ತರಿಸಲಿಲ್ಲ. ತನ್ನ ಹಳೆಯ ಚಿತ್ರವನ್ನು ತಿರುಗಿಸಿ ನೋಡಿದಳು, ಎಡಗಡೆಯ ಅರ್ಧಚಂದ್ರದ ಮೇಲೆ ಬೆರಳಿಟ್ಟಳು. "ಎಂಟು ಇಲ್ಲಿದೆ, ಇಲ್ಲಿ ನಾನು ಗೀಟು ಹಾಕಿದ್ದೇನೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಎಂಟು B ಯಲ್ಲಿ ಇಲ್ಲ ಅಂತ ಹಾಕಿದ್ದು" ಎಂದು ಸೇರಿಸಿದಳು. A′ ∪ B′ ಎಂದರೆ ಏನು ಎನ್ನುವುದನ್ನು ಅವಳು ಆ ವಾಕ್ಯದಲ್ಲಿ ನಿಖರವಾಗಿ ಹೇಳಿದ್ದಳು. ಎರಡರಲ್ಲಿ ಒಂದರಲ್ಲಾದರೂ ಇಲ್ಲದಿರುವುದು ಬೇರೆ, ಎರಡರಲ್ಲೂ ಇಲ್ಲದಿರುವುದು ಬೇರೆ ಎಂಬ ವ್ಯತ್ಯಾಸ ಎಂಟು ಎಂಬ ಒಂದು ಸಂಖ್ಯೆಯ ಮೇಲೆ ನಿಂತು ಕಾಣಿಸಿತು.

ಮೂರು ಗಣಗಳಿಗೆ ಬಂದಾಗ ವಲಯಗಳು 8 ಆಗುತ್ತವೆ, ಛಾಯೆಗೊಳಿಸುವ ದಾರಿಗಳು 256 ಆಗುತ್ತವೆ. ಹೆದರಬೇಕಾಗಿಲ್ಲ, ತರಗತಿಯಲ್ಲಿ ನಿಜವಾಗಿ ಬರುವ ಉತ್ತರಗಳು ಬೆರಳೆಣಿಕೆಯವು. ಸಂಖ್ಯೆಗಳನ್ನು ಹೀಗೆ ಇಡುತ್ತೇನೆ: A, B, C ಒಂದೊಂದರಲ್ಲಿ ಮಾತ್ರ ಇರುವುದಕ್ಕೆ ಕ್ರಮವಾಗಿ 1, 2, 3, A, B ಎರಡರಲ್ಲಿ ಮಾತ್ರ ಇರುವುದಕ್ಕೆ 4, B, C ಗೆ 5, A, C ಗೆ 6, ಮೂರರಲ್ಲೂ ಇರುವ ನಟ್ಟನಡುವಿಗೆ 7, ಎಲ್ಲದರ ಹೊರಗೆ 8. ಪ್ರಶ್ನೆ (A ∪ B)′ ∩ C ಎಂದಿರಲಿ. A ∪ B ಯ ಹೊರಗೆ ಉಳಿಯುವುದು 3, 8. C ಯಲ್ಲಿ ಇರುವುದು 3, 5, 6, 7. ಎರಡು ಪಟ್ಟಿಗೂ ಸಾಮಾನ್ಯವಾದದ್ದು 3 ಮಾತ್ರ. ಅಂದರೆ C ಯ ತುದಿಯ, ಬೇರೆ ಯಾವ ವೃತ್ತವೂ ಮುಟ್ಟದ ಭಾಗವೇ ಉತ್ತರ.

ಇದಕ್ಕೆ ನನಗೆ ಬಂದ ತಪ್ಪುಗಳಲ್ಲಿ ನಾಲ್ಕನ್ನು ಹೇಳುತ್ತೇನೆ. ಕೆಲವರು 3, 8 ಬರೆದರು. ಅವರು ಮೊದಲ ಹೆಜ್ಜೆಯನ್ನು ಸರಿಯಾಗಿ ಮಾಡಿ ಅಲ್ಲಿಗೇ ನಿಂತವರು. ಕೆಲವರು 3, 5, 6 ಬರೆದರು. ಇದು ಮೇಲುನೋಟಕ್ಕೆ ಅರ್ಥವಿಲ್ಲದ ಉತ್ತರದಂತೆ ಕಾಣುತ್ತದೆ, ಆದರೆ (A′ ∪ B′) ∩ C ಅನ್ನು ಲೆಕ್ಕ ಹಾಕಿ ನೋಡಿದರೆ ಸರಿಯಾಗಿ ಇದೇ ಬರುತ್ತದೆ. ಅದೇ ಹಳೆಯ ಆವರಣದ ತಪ್ಪು. ಅದನ್ನು ಬಿಟ್ಟರೆ ಛೇದನವನ್ನು ಈ ಮಕ್ಕಳು ನಿರ್ದುಷ್ಟವಾಗಿ ಮಾಡಿದ್ದಾರೆ. ಒಬ್ಬಿಬ್ಬರು 8 ಮಾತ್ರ ಬರೆದರು, ಅಂದರೆ C ಯನ್ನೂ ಪೂರಕದ ಚಿಹ್ನೆಯ ಕೆಳಗೆ ತಂದುಕೊಂಡು ಮೂರರ ಹೊರಗೂ ಹೋದರು. ನಾಲ್ಕನೆಯದು 3, 5, 6, 7, 8. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಇದರಲ್ಲಿ ತಪ್ಪು ಮಗುವಿನದೋ ನಮ್ಮದೋ ಎಂಬುದು ಸ್ಪಷ್ಟವಿಲ್ಲ.

ನಾವು ಕಲಿಸುವ ವಿಧಾನದಲ್ಲಿ ಮೊದಲ ಗಣಕ್ಕೆ ಅಡ್ಡ ಗೀಟು, ಎರಡನೆಯ ಗಣಕ್ಕೆ ಉದ್ದ ಗೀಟು ಹಾಕಿಸುತ್ತೇವೆ. ಛೇದನ ಬೇಕಾದರೆ ಅಡ್ಡ, ಉದ್ದ ಎರಡೂ ಬಿದ್ದು ಬಲೆಯಂತೆ ಆದ ಜಾಗವನ್ನು ಉತ್ತರ ಎಂದು ಓದಬೇಕು. ಸಂಯೋಗ ಬೇಕಾದರೆ ಯಾವುದೇ ಗೀಟು ಬಿದ್ದ ಜಾಗವನ್ನೆಲ್ಲ ಓದಬೇಕು. ಗಮನಿಸಿ, ಕಾಗದದ ಮೇಲಿನ ಚಿತ್ರ ಎರಡಕ್ಕೂ ಒಂದೇ. (A ∪ B)′ ಗೆ ಅಡ್ಡ ಗೀಟು, C ಗೆ ಉದ್ದ ಗೀಟು ಹಾಕಿದ ಚಿತ್ರವನ್ನು ಬಲೆಯಾಗಿ ಓದಿದರೆ 3 ಎಂಬ ಸರಿಯುತ್ತರ, ಒಟ್ಟಾಗಿ ಓದಿದರೆ 3, 5, 6, 7, 8 ಎಂಬ ತಪ್ಪುತ್ತರ. ಮಗು ಯಾವುದನ್ನು ಹೇಳಲು ಹೊರಟಿತ್ತು ಎಂದು ಚಿತ್ರದಿಂದ ತಿಳಿಯುವ ದಾರಿಯೇ ಇಲ್ಲ. ಬಲೆಯಿದೆಯಲ್ಲ ಎಂದು ಒಬ್ಬ ಶಿಕ್ಷಕರು ಪೂರ್ಣ ಅಂಕ ಕೊಡುತ್ತಾರೆ, ಉತ್ತರವನ್ನು ಬೇರ್ಪಡಿಸಿಲ್ಲ ಎಂದು ಇನ್ನೊಬ್ಬರು ಸೊನ್ನೆ ಕೊಡುತ್ತಾರೆ, ಇಬ್ಬರ ಬಳಿಯೂ ಸಮರ್ಥನೆ ಇರುತ್ತದೆ.

ಇದಕ್ಕೆ ಪರಿಹಾರ ತಿದ್ದುವ ಮೇಜಿನಲ್ಲಿಲ್ಲ, ಹಾಳೆಯನ್ನು ಅಚ್ಚು ಮಾಡುವ ಹಂತದಲ್ಲಿದೆ. ಎರಡು ಹೆಜ್ಜೆ ಬೇಕಾಗುವ ಪ್ರತಿ ಪ್ರಶ್ನೆಗೂ ನಾನು ಈಗ ಎರಡು ಖಾಲಿ ಚಿತ್ರಗಳನ್ನು ಕೊಡುತ್ತೇನೆ. ಎಡಗಡೆಯದರ ಕೆಳಗೆ "ಕೆಲಸ" ಎಂದೂ ಬಲಗಡೆಯದರ ಕೆಳಗೆ "ಉತ್ತರ" ಎಂದೂ ಇರುತ್ತದೆ. ಅಡ್ಡ ಉದ್ದ ಗೀಟುಗಳೆಲ್ಲ ಎಡಗಡೆಗೆ. ಬಲಗಡೆಯಲ್ಲಿ ಒಂದೇ ದಿಕ್ಕಿನ ಗೀಟು, ಅಂತಿಮ ಗಣಕ್ಕೆ ಮಾತ್ರ. ಉತ್ತರದ ಚಿತ್ರದ ಕೆಳಗೆ "ವಲಯಗಳು: ____" ಎಂದು ಒಂದು ಖಾಲಿ ಗೆರೆಯೂ ಇರುತ್ತದೆ. ಈ ಗೆರೆಯಿಂದ ಇನ್ನೊಂದು ಜಗಳವೂ ಮುಗಿಯಿತು. ಪೆನ್ಸಿಲು ಜಾರಿ ಗೀಟು ಪಕ್ಕದ ವಲಯಕ್ಕೆ ಹರಿದಿದೆಯೋ, ಬೇಕೆಂದೇ ಹಾಕಿದ್ದೋ ಎಂದು ಭೂತಗನ್ನಡಿ ಹಿಡಿಯುವ ಅಗತ್ಯವಿಲ್ಲ, ಸಂಖ್ಯೆಯೇ ಹೇಳುತ್ತದೆ. ಗೀಟಿಗೂ ಸಂಖ್ಯೆಗೂ ತಾಳೆಯಾಗದಿದ್ದರೆ ನಾನು ಅಂಕ ಕಳೆಯುವ ಮುಂಚೆ ಮಗುವನ್ನು ಕೇಳುತ್ತೇನೆ; ಅಭ್ಯಾಸ ಹಾಳೆಯಲ್ಲಿ ಅದಕ್ಕೆ ಅವಕಾಶವಿದೆ, ಪರೀಕ್ಷೆಯಲ್ಲಿ ಇಲ್ಲ. ಅರ್ಧ ಗೀಟು ಬಿದ್ದ ವಲಯ ಕಂಡರೆ ಅದನ್ನು ಅವಸರ ಎಂದು ಬಿಡಬೇಡಿ. ವಲಯವೆಂದರೆ ಇಡೀ ಒಳಗೆ ಅಥವಾ ಇಡೀ ಹೊರಗೆ, ಅರ್ಧ ಎನ್ನುವುದು ಇಲ್ಲ. ಒಂದು ವಲಯದ ಅರ್ಧಕ್ಕೆ ನಿಧಾನವಾಗಿ ಗೆರೆ ಎಳೆದು ನಿಲ್ಲಿಸಿದ ಮಗುವಿಗೆ ವೃತ್ತಗಳು ಕಾಣುತ್ತಿವೆ, ವಲಯಗಳು ಇನ್ನೂ ಕಾಣುತ್ತಿಲ್ಲ. ಅದಕ್ಕೆ ಗೀಟಿನ ಪ್ರಶ್ನೆ ಕೊಡುವ ಮೊದಲು ಚಿತ್ರವನ್ನು ಕತ್ತರಿಸಿ ಎಂಟು ತುಂಡು ಮಾಡಿಸುವುದು ಲೇಸು.

ಅಂಕದ ಬಗ್ಗೆ ಹೇಳಿ ಮುಗಿಸುತ್ತೇನೆ. ಎಂಟರಲ್ಲಿ ಎಷ್ಟು ವಲಯ ಸರಿಯಾಗಿದೆಯೋ ಅಷ್ಟು ಪಾಲು ಅಂಕ ಕೊಡೋಣ ಎಂಬ ಸಲಹೆ ಮೊದಲ ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ನಾನೂ ಒಂದು ವರ್ಷ ಹಾಗೆ ಮಾಡಿದೆ. A ∩ B ∩ C ಗೆ ಉತ್ತರ 7 ಒಂದೇ ವಲಯ. ಪೆನ್ಸಿಲನ್ನೇ ಮುಟ್ಟಿಸದೆ ಖಾಲಿ ಬಿಟ್ಟ ಚಿತ್ರದಲ್ಲಿ ಉಳಿದ ಏಳೂ ವಲಯಗಳು ಸರಿಯಾಗಿರುತ್ತವೆ, ಎಂಟಕ್ಕೆ ಏಳು ಪಾಲು ಅಂಕ ಸಿಗುತ್ತದೆ. ಎರಡು ಗಣಗಳ ಛೇದನಕ್ಕೂ ಖಾಲಿ ಚಿತ್ರಕ್ಕೆ ನಾಲ್ಕಕ್ಕೆ ಮೂರು. ಆದ್ದರಿಂದ ವಲಯ ಎಣಿಸಿ ಅಂಕ ಹಂಚುವುದನ್ನು ಬಿಟ್ಟೆ. ಒಂದು ಹೆಜ್ಜೆಯ ಪ್ರಶ್ನೆಗೆ ಒಂದೇ ಅಂಕ, ಇಡೀ ಪಟ್ಟಿ ಸರಿಯಿದ್ದರೆ ಮಾತ್ರ. ಎರಡು ಹೆಜ್ಜೆಯ ಪ್ರಶ್ನೆಗೆ ಎರಡು ಅಂಕ, ಪ್ರತಿ ಹೆಜ್ಜೆಗೆ ಒಂದು. ಆ ಲೆಕ್ಕದಲ್ಲಿ 3, 8 ಬರೆದವರಿಗೆ ಪೂರಕದ ಒಂದು ಅಂಕ ಸಿಕ್ಕಿತು, 3, 5, 6 ಬರೆದವರಿಗೆ ಛೇದನದ ಒಂದು ಅಂಕ ಸಿಕ್ಕಿತು. 8 ಬರೆದವರಿಗೆ "ಕೆಲಸ"ದ ಚಿತ್ರದಲ್ಲಿ ಏನಾದರೂ ಸರಿಯಾದದ್ದಿದ್ದರೆ ಮಾತ್ರ.

ಡಿ ಮಾರ್ಗನ್ ನಿಯಮವನ್ನು ಚಿತ್ರದಿಂದ ತಾಳೆ ನೋಡಿ ಎಂಬ ಪ್ರಶ್ನೆಯಲ್ಲಿ ಹೆಚ್ಚು ಎಚ್ಚರ ಬೇಕು. ಎರಡು ಬದಿಯ ಚಿತ್ರಗಳೂ ಒಂದೇ ಆಗಬೇಕು ಎಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಎಡಬದಿಯದನ್ನು ಬಲಬದಿಗೆ ನಕಲು ಮಾಡಿ "ಎರಡೂ ಸಮ" ಎಂದು ಬರೆದರೆ ಪೂರ್ಣ ಅಂಕ ಬಂದುಬಿಡುತ್ತದೆ. A′ ಗೂ B′ ಗೂ ಬೇರೆ ಬೇರೆ ಚಿತ್ರ ಕೇಳಿದರೆ ನಕಲಿಗೆ ಎಡೆಯಿಲ್ಲ. ಇನ್ನು ಒಂದು ಬದಿ ತಪ್ಪಾಗಿ, ಎರಡು ಚಿತ್ರಗಳು ಬೇರೆಯಾಗಿ ಬಂದು, ಮಗು ಧೈರ್ಯವಾಗಿ "ನನಗೆ ಸಮ ಬರಲಿಲ್ಲ" ಎಂದು ಬರೆದಿದ್ದರೆ ತೀರ್ಮಾನದ ಅಂಕವನ್ನು ನಾನು ಕೊಡುತ್ತೇನೆ. ಅದು ತನ್ನ ಚಿತ್ರವನ್ನು ಸರಿಯಾಗಿ ಓದಿದೆ. ಅದೇ ಸ್ಥಿತಿಯಲ್ಲಿ "ಸಮ" ಎಂದು ಬರೆದ ಮಗುವಿಗೆ ಕೊಡುವುದಿಲ್ಲ. ಇದರ ಬಗ್ಗೆ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಚರ್ಚೆಯಲ್ಲಿ ಕೇಳಲು ನಾನು ಸಿದ್ಧಳಿದ್ದೇನೆ.

ಈ ಹುಡುಗಿಯ ಮೂರನೆಯ ಉತ್ತರಕ್ಕೆ ಕೊನೆಗೂ ಅಂಕ ಸೊನ್ನೆಯೇ. ಪಕ್ಕದಲ್ಲಿ ನಾನು ಬರೆದದ್ದು ಇಷ್ಟು: "1, 3, 4. ಇದು ಯಾವ ಗಣದ ಚಿತ್ರ?" ಮಾರನೆಯ ದಿನ ಅದರ ಕೆಳಗೆ ಅವಳ ಅಕ್ಷರದಲ್ಲಿ ಎರಡು ಉತ್ತರಗಳಿದ್ದವು, A′ ∪ B′ ಮತ್ತು (A ∩ B)′. ಎರಡನೆಯದನ್ನು ನಾನು ಕೇಳಿರಲಿಲ್ಲ.